ಸಾಲವೋ, ಹೊಸ ಪಾಲುದಾರರೋ? ಎರಡು ಗೆರೆಗಳು ಕೂಡುವ ಜಾಗ

2019ರ ವಸಂತದಲ್ಲಿ ನಾವು ಹತ್ತು ಮಂದಿ ವೈದ್ಯರು ಒಂದು ಸಂಜೆ ನಮ್ಮ ಎಂಡೋಸ್ಕೋಪಿ ಕೇಂದ್ರದ ಊಟದ ಕೋಣೆಯಲ್ಲಿ ಸೇರಿದ್ದೆವು. ಅಮೆರಿಕದ ಒಂದು ಮಧ್ಯಮ ಗಾತ್ರದ ಊರಿನಲ್ಲಿ ನಾವೇ ಕಟ್ಟಿ ನಡೆಸುತ್ತಿದ್ದ ಕೇಂದ್ರ ಅದು. ರೋಗಿಗಳು ಕೊಲೊನೋಸ್ಕೋಪಿಗಾಗಿ ಎರಡು ತಿಂಗಳು ಕಾಯಬೇಕಾಗಿತ್ತು. ಇನ್ನೆರಡು ಕೋಣೆಗಳನ್ನು ಕಟ್ಟಿಸಿ ಉಪಕರಣ ಹಾಕಿಸಲು 10 ಲಕ್ಷ ಡಾಲರ್ ಬೇಕಿತ್ತು. ಆ ಹಣವನ್ನು ಎಲ್ಲಿಂದ ತರುವುದು ಎಂಬುದೇ ಅಂದಿನ ಚರ್ಚೆ.

ದಾರಿ ಎರಡಿದ್ದವು. ಮೊದಲನೆಯದು ಶೇಕಡಾ 6ರ ಸ್ಥಿರ ಬಡ್ಡಿಗೆ ಬ್ಯಾಂಕಿನಿಂದ ಹತ್ತು ವರ್ಷದ ಸಾಲ. ಎರಡನೆಯದು ಐದು ಮಂದಿ ಹೊಸ ವೈದ್ಯರಿಗೆ ಶೇರು ಮಾರಿ ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವುದು. ನಮ್ಮ ಅಕೌಂಟೆಂಟ್ ಬಿಳಿ ಹಲಗೆಯ ಮೇಲೆ ಎರಡು ಓರೆ ಗೆರೆಗಳನ್ನು ಎಳೆದು, ಅವು ಒಂದನ್ನೊಂದು ದಾಟುವ ಕಡೆ ಚುಕ್ಕೆಯಿಟ್ಟು, "ನಿಮ್ಮ ಲಾಭ ಈ ಚುಕ್ಕೆಯ ಬಲಗಡೆ ಇರುತ್ತದೆ ಅಂತ ನಂಬಿದರೆ ಸಾಲ ಮಾಡಿ, ಎಡಗಡೆ ಅಂತ ಅನಿಸಿದರೆ ಶೇರು ಮಾರಿ" ಎಂದರು. ನಾವು ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿ ಮನೆಗೆ ಹೋದೆವು. ಆ ಚುಕ್ಕೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ನನಗೆ ಸರಿಯಾಗಿ ಅರ್ಥವಾಗಲು ಮತ್ತೊಂದು ವರ್ಷ ಬೇಕಾಯಿತು. ನಮ್ಮ ಸಂಘದ ಸದಸ್ಯರಲ್ಲಿ ಕ್ಲಿನಿಕ್, ಅಂಗಡಿ, ಮೋಟೆಲ್, ಸಾಫ್ಟ್‌ವೇರ್ ಕಂಪನಿ ನಡೆಸುವವರು ಅನೇಕರಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಾಗಿಸಿದ್ದೇನೆ.

ಎರಡು ಪದಗಳು

ಕೇಂದ್ರಕ್ಕೆ ಬಂದ ಹಣದಲ್ಲಿ ಸಂಬಳ, ಔಷಧಿ, ಬಾಡಿಗೆ, ಉಪಕರಣಗಳ ಸವಕಳಿ ಎಲ್ಲವನ್ನೂ ಕಳೆದು, ಆದರೆ ಸಾಲದ ಬಡ್ಡಿಯನ್ನೂ ತೆರಿಗೆಯನ್ನೂ ಇನ್ನೂ ಕಳೆಯದೆ ಉಳಿಯುವ ಲಾಭಕ್ಕೆ ಇಬಿಟ್ ಎನ್ನುತ್ತಾರೆ. ಹಣ ಎಲ್ಲಿಂದ ಬಂದರೂ ಈ ಅಂಕಿ ಬದಲಾಗುವುದಿಲ್ಲ. ಸಾಲದಲ್ಲಿ ಕಟ್ಟಿದ ಕೋಣೆಗೂ ಶೇರು ಮಾರಿ ಕಟ್ಟಿದ ಕೋಣೆಗೂ ಬರುವ ರೋಗಿಗಳು ಒಂದೇ.

ಬಡ್ಡಿಯನ್ನೂ ತೆರಿಗೆಯನ್ನೂ ಕಟ್ಟಿದ ಮೇಲೆ ಉಳಿದದ್ದನ್ನು ಶೇರುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಇಪಿಎಸ್, ಅಂದರೆ ಒಂದು ಶೇರಿನ ಪಾಲಿಗೆ ಬಂದ ಗಳಿಕೆ. ಹಣದ ಮೂಲ ಬದಲಾದಾಗ ಬದಲಾಗುವುದು ಇದು. ಸಾಲ ಮಾಡಿದರೆ ಮೇಲಿನ ಮೊತ್ತದಿಂದ ಬಡ್ಡಿ ಕಳೆಯುತ್ತದೆ, ಆದರೆ ಪಾಲು ಹಂಚಿಕೊಳ್ಳುವವರು ಹೆಚ್ಚುವುದಿಲ್ಲ. ಶೇರು ಮಾರಿದರೆ ಬಡ್ಡಿಯಿಲ್ಲ, ಆದರೆ ಹಂಚಿಕೊಳ್ಳುವವರು ಹೆಚ್ಚುತ್ತಾರೆ. ಯಾವ ಇಬಿಟ್‌ನಲ್ಲಿ ಎರಡೂ ದಾರಿಗಳ ಇಪಿಎಸ್ ಒಂದೇ ಆಗುತ್ತದೋ ಅದೇ ಇಂಡಿಫರೆನ್ಸ್ ಪಾಯಿಂಟ್. ಇಲ್ಲಿ ಅದನ್ನು ಸಮಬಿಂದು ಎಂದು ಕರೆಯುತ್ತೇನೆ.

ನಮ್ಮ ಲೆಕ್ಕ

ನಮ್ಮ ಹತ್ತು ಮಂದಿಯ ಹತ್ತಿರ ತಲಾ 1,000ದಂತೆ ಒಟ್ಟು 10,000 ಶೇರುಗಳಿದ್ದವು. ಹಳೆಯ ಸಾಲ ಯಾವುದೂ ಇರಲಿಲ್ಲ. ಹೊರಗಿನ ಮೌಲ್ಯಮಾಪಕರು ಒಂದು ಶೇರಿಗೆ 200 ಡಾಲರ್ ಬೆಲೆ ಕಟ್ಟಿದ್ದರು. ಹಾಗಾಗಿ 10 ಲಕ್ಷ ಡಾಲರ್ ಬೇಕಾದರೆ 5,000 ಹೊಸ ಶೇರು ಮಾರಬೇಕು. ಒಟ್ಟು ಶೇರು 15,000 ಆಗುತ್ತದೆ. ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿ 60,000 ಡಾಲರ್, ಶೇರು 10,000ವೇ ಉಳಿಯುತ್ತದೆ. ನಮ್ಮದು ಸಿ-ಕಾರ್ಪೊರೇಷನ್ ಆಗಿದ್ದುದರಿಂದ ತೆರಿಗೆಯನ್ನು ಸಂಸ್ಥೆಯೇ ಕಟ್ಟುತ್ತಿತ್ತು. ಫೆಡರಲ್ ತೆರಿಗೆ ಶೇಕಡಾ 21, ರಾಜ್ಯದ್ದನ್ನೂ ಸೇರಿಸಿ ಶೇಕಡಾ 25 ಎಂದು ಹಿಡಿಯೋಣ.

ಸಮಬಿಂದುವಿನ ಸಮೀಕರಣ ಹೀಗಿದೆ. I ಎಂದರೆ ಬಡ್ಡಿ, T ತೆರಿಗೆಯ ದರ, N ಶೇರುಗಳ ಸಂಖ್ಯೆ. 1 ಎಂದರೆ ಸಾಲದ ದಾರಿ, 2 ಎಂದರೆ ಶೇರಿನ ದಾರಿ.

```
(EBIT - I1)(1 - T) / N1 = (EBIT - I2)(1 - T) / N2
```

ನಮ್ಮ ಅಂಕಿಗಳನ್ನು ಹಾಕೋಣ. ಎರಡೂ ಕಡೆ ಇರುವ (1 - T) ಹೊಡೆದು ಹೋಗುತ್ತದೆ.

```
(EBIT - 60000) / 10000 = EBIT / 15000
15000 EBIT - 900000000 = 10000 EBIT
EBIT = 180000
```

ಇಬಿಟ್ 1,80,000 ಡಾಲರ್ ಆದಾಗ ಎರಡು ದಾರಿಗಳಲ್ಲೂ ಒಂದು ಶೇರಿಗೆ 9 ಡಾಲರ್ ಬರುತ್ತದೆ. ಉಳಿದ ಕಡೆ ಏನಾಗುತ್ತದೆ ಎಂಬುದನ್ನು ಈ ಪಟ್ಟಿಯಲ್ಲಿ ನೋಡಬಹುದು.

| ಇಬಿಟ್ (ಡಾಲರ್) | ಸಾಲ ಮಾಡಿದರೆ ಇಪಿಎಸ್ | ಶೇರು ಮಾರಿದರೆ ಇಪಿಎಸ್ |
|---|---|---|
| 60,000 | 0 | 3.00 |
| 1,20,000 | 4.50 | 6.00 |
| 1,80,000 | 9.00 | 9.00 |
| 2,00,000 | 10.50 | 10.00 |
| 3,00,000 | 18.00 | 15.00 |
| 4,20,000 | 27.00 | 21.00 |

ಹಲಗೆಯ ಮೇಲಿನ ಎರಡು ಗೆರೆಗಳು ಇವೇ. ಶೇರಿನ ಗೆರೆ ಸೊನ್ನೆಯಿಂದ ಹೊರಟು ನಿಧಾನವಾಗಿ ಏರುತ್ತದೆ. ಸಾಲದ ಗೆರೆ ಬಡ್ಡಿಯ ಮೊತ್ತವಾದ 60,000ದಿಂದ, ಅಂದರೆ ಹಿಂದೆ ಬಿದ್ದು ಹೊರಡುತ್ತದೆ, ಆದರೆ ಕಡಿದಾಗಿ ಏರುತ್ತದೆ. ಇಬಿಟ್ 10,000 ಡಾಲರ್ ಹೆಚ್ಚಿದಾಗ ಸಾಲದ ಗೆರೆ 75 ಸೆಂಟ್ ಏರಿದರೆ ಶೇರಿನ ಗೆರೆ 50 ಸೆಂಟ್ ಏರುತ್ತದೆ. ಇಳಿಯುವಾಗಲೂ ಅಷ್ಟೇ ವೇಗ ಎಂಬುದನ್ನು ಮರೆಯಬಾರದು.

ಕೋಣೆಗಳು ಬಂದ ಮೇಲೆ ನಮ್ಮ ಇಬಿಟ್ 3 ಲಕ್ಷ ಆಗುತ್ತದೆ ಎಂಬುದು ನಿರೀಕ್ಷೆ. ಸಾಲದಲ್ಲಿ 18 ಡಾಲರ್, ಶೇರಿನಲ್ಲಿ 15. ಲೆಕ್ಕ ಸಾಲದ ಕಡೆಗೇ ವಾಲಿತ್ತು.

ಚುಕ್ಕೆ ಅಲ್ಲೇ ಏಕೆ ಬೀಳುತ್ತದೆ?

1,80,000 ಎಂಬ ಅಂಕಿ ಬೀಜಗಣಿತದಿಂದ ಬಂತು, ಸರಿ. ಆದರೆ ಅದಕ್ಕೊಂದು ಸರಳ ಅರ್ಥವಿದೆ. ಹಳೆಯ ಶೇರುಗಳ ಬೆಲೆ 20 ಲಕ್ಷ, ಹೊಸ ಹಣ 10 ಲಕ್ಷ, ಒಟ್ಟು 30 ಲಕ್ಷ. ಅದರ ಶೇಕಡಾ 6 ಎಷ್ಟು? 1,80,000. ಇದು ಕಾಕತಾಳೀಯವಲ್ಲ. ಹಳೆಯ ಸಾಲವಿಲ್ಲದಿದ್ದರೆ ಸಮಬಿಂದು ಯಾವಾಗಲೂ ಇದೇ ಆಗುತ್ತದೆ: ಹಳೆಯ ಶೇರುಗಳ ಒಟ್ಟು ಬೆಲೆಗೆ ಹೊಸ ಹಣ ಸೇರಿಸಿ, ಬಡ್ಡಿ ದರದಿಂದ ಗುಣಿಸಿದರೆ ಸಾಕು. ಹಳೆಯ ಸಾಲವಿದ್ದರೆ ಅದರ ಬಡ್ಡಿಯನ್ನು ಕೊನೆಗೆ ಕೂಡಿಸಬೇಕು.

ಅಂದರೆ ಚುಕ್ಕೆ ಕೇಳುವ ಪ್ರಶ್ನೆ ಒಂದೇ. ಹೊಸ ಶೇರಿನ ಬೆಲೆಯಲ್ಲಿ ಅಳೆದ ನಿಮ್ಮ ಇಡೀ ಸಂಸ್ಥೆ, ಬ್ಯಾಂಕು ಕೇಳುವ ಬಡ್ಡಿ ದರಕ್ಕಿಂತ ಹೆಚ್ಚು ದುಡಿಯುತ್ತದೆಯೇ? ದುಡಿದರೆ, ಶೇಕಡಾ 6ಕ್ಕೆ ಹಣ ತಂದು ಅದಕ್ಕಿಂತ ಹೆಚ್ಚು ಗಳಿಸಿ, ಉಳಿದದ್ದನ್ನು ಹಳೆಯ ಪಾಲುದಾರರು ಹಂಚಿಕೊಳ್ಳುತ್ತಾರೆ. ದುಡಿಯದಿದ್ದರೆ ಬ್ಯಾಂಕಿಗೆ ಕೊಡುವ ವ್ಯತ್ಯಾಸ ಅವರ ಜೇಬಿನಿಂದಲೇ ಹೋಗುತ್ತದೆ.

ಇದು ತಿಳಿದರೆ ಚುಕ್ಕೆಯನ್ನು ಯಾವುದು ಸರಿಸುತ್ತದೆ, ಯಾವುದು ಸರಿಸುವುದಿಲ್ಲ ಎಂಬುದೂ ತಿಳಿಯುತ್ತದೆ. ಬಡ್ಡಿ ಶೇಕಡಾ 8 ಆಗಿದ್ದರೆ ಸಮಬಿಂದು 2,40,000ಕ್ಕೆ ಏರುತ್ತಿತ್ತು. ಶೇರಿಗೆ 400 ಡಾಲರ್ ಬೆಲೆ ಸಿಕ್ಕಿದ್ದರೆ 3 ಲಕ್ಷಕ್ಕೆ ಏರುತ್ತಿತ್ತು, ಅಂದರೆ ನಮ್ಮ ನಿರೀಕ್ಷೆಯ ಲಾಭದಲ್ಲಿ ಎರಡೂ ದಾರಿ ಒಂದೇ ಆಗಿಬಿಡುತ್ತಿತ್ತು. ಒಳ್ಳೆಯ ಬೆಲೆ ಸಿಕ್ಕಾಗ ಶೇರು ಮಾರುವುದು ಅಗ್ಗದ ಹಣ ಎಂಬುದರ ಅರ್ಥ ಇದೇ. ಆದ್ದರಿಂದ ಈ ಲೆಕ್ಕದಲ್ಲಿ ಹೆಚ್ಚು ಗಮನ ಕೊಡಬೇಕಾದ ಅಂಕಿ ಶೇರಿನ ಬೆಲೆ. ಖಾಸಗಿ ಸಂಸ್ಥೆಗಳಲ್ಲಿ ಅದು ಮಾರುಕಟ್ಟೆಯಲ್ಲಿ ನಿಂತ ಬೆಲೆಯಲ್ಲ, ಯಾರೋ ಕಟ್ಟಿದ ಅಂದಾಜು.

ತೆರಿಗೆಯ ದರ ಮಾತ್ರ ಚುಕ್ಕೆಯನ್ನು ಸರಿಸುವುದಿಲ್ಲ. 2018ರಲ್ಲಿ ಅಮೆರಿಕದ ಕಾರ್ಪೊರೇಟ್ ತೆರಿಗೆ ಶೇಕಡಾ 35ರಿಂದ 21ಕ್ಕೆ ಇಳಿದಾಗ ಗೆರೆಗಳ ಏರು ಹೆಚ್ಚಿತು, ಆದರೆ ಅವು ದಾಟುವ ಇಬಿಟ್ ಅಲ್ಲೇ ಉಳಿಯಿತು. ಎಲ್‌ಎಲ್‌ಸಿ ಅಥವಾ ಎಸ್-ಕಾರ್ಪೊರೇಷನ್ ಆಗಿ, ತೆರಿಗೆಯನ್ನು ಪಾಲುದಾರರೇ ಕಟ್ಟುವ ಸಂಸ್ಥೆಗಳಿಗೂ ಇದೇ ಸಮೀಕರಣ ಸಲ್ಲುತ್ತದೆ. ಇದಕ್ಕೆ ಮುಖ್ಯ ಅಪವಾದ ಪ್ರಿಫರೆನ್ಸ್ ಶೇರು. ಅದರ ಡಿವಿಡೆಂಡನ್ನು ತೆರಿಗೆ ಕಟ್ಟಿದ ಮೇಲೆ ಕೊಡಬೇಕಾದ್ದರಿಂದ ಅಲ್ಲಿ (1 - T) ಹೊಡೆದು ಹೋಗುವುದಿಲ್ಲ.

ಕಿರಿಯ ವೈದ್ಯರ ಪ್ರಶ್ನೆ

ಅಂದಿನ ಸಭೆಯಲ್ಲಿ ಒಬ್ಬರು ಹೇಳಿದ ಮಾತು ಎಲ್ಲರಿಗೂ ಹಿಡಿಸಿತ್ತು. "ನಮ್ಮ ಇಬಿಟ್ ಈಗಲೇ 2 ಲಕ್ಷ ಇದೆ. ಹೊಸ ಕೋಣೆಗಳಿಂದ ಒಂದು ಡಾಲರ್ ಬರದಿದ್ದರೂ ನಾವು ಚುಕ್ಕೆಯ ಬಲಗಡೆಯೇ ಇರುತ್ತೇವೆ. ಇದರಲ್ಲಿ ಅಪಾಯವೇ ಇಲ್ಲ."

ದಾವಣಗೆರೆಯಲ್ಲಿ ಓದಿ ಬಂದಿದ್ದ ಕಿರಿಯ ವೈದ್ಯರೊಬ್ಬರು ನನ್ನ ಪಕ್ಕ ಕೂತಿದ್ದರು. ಅವರು ಮೆಲ್ಲಗೆ, "ಸರ್, ಈಗ ನಮಗೆ ಶೇರಿಗೆ 15 ಡಾಲರ್ ಬರ್ತಾ ಇದೆ. ಕೋಣೆಗಳಿಂದ ಏನೂ ಬರದಿದ್ರೆ ಸಾಲದಲ್ಲಿ ಹತ್ತೂವರೆ, ಶೇರಲ್ಲಿ ಹತ್ತು. ಎರಡೂ ಹದಿನೈದಕ್ಕಿಂತ ಕಮ್ಮಿನೇ ಅಲ್ವಾ?" ಎಂದು ಕೇಳಿದರು. ನಾನು ಆಗ ಹೂಂಗುಟ್ಟಿ ಸುಮ್ಮನಾದೆ.

ಅವರ ಪ್ರಶ್ನೆ ಸರಿಯಾಗಿತ್ತು. 10,000 ಶೇರು, 2 ಲಕ್ಷ ಇಬಿಟ್, ಸಾಲವಿಲ್ಲ ಎಂದರೆ ತೆರಿಗೆ ಕಳೆದು ಶೇರಿಗೆ 15 ಡಾಲರ್. ಸಮಬಿಂದುವಿನಲ್ಲಿ ಸಿಗುವುದು 9. ಸಮಬಿಂದು ಹೋಲಿಸುವುದು ಸಾಲವನ್ನು ಶೇರಿನ ಜೊತೆ ಮಾತ್ರ. ಕೋಣೆಗಳನ್ನು ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಪ್ರಶ್ನೆಗೆ ಬೇರೆ ಅಂಕಿ ಬೇಕು: ಸಾಲದ ದಾರಿಯಲ್ಲಿ ಇಂದಿನ 15 ಡಾಲರ್ ಉಳಿಯಬೇಕಾದರೆ ಇಬಿಟ್ 2,60,000 ಆಗಬೇಕು, ಶೇರಿನ ದಾರಿಯಲ್ಲಿ 3 ಲಕ್ಷ. ಅಂದರೆ ಹೊಸ ಕೋಣೆಗಳು ವರ್ಷಕ್ಕೆ 60 ಸಾವಿರವನ್ನೋ ಒಂದು ಲಕ್ಷವನ್ನೋ ದುಡಿಯಲೇಬೇಕು. ನಮ್ಮ ಕಾಯುವ ಪಟ್ಟಿಯನ್ನು ನೋಡಿದರೆ ಅದು ಅಸಾಧ್ಯವಾಗಿರಲಿಲ್ಲ. ಆದರೆ "ಅಪಾಯವೇ ಇಲ್ಲ" ಎಂಬ ಮಾತು ತಪ್ಪು ಹೋಲಿಕೆಯಿಂದ ಹುಟ್ಟಿತ್ತು.

ಅಸಲು ಎಲ್ಲಿ ಹೋಯಿತು?

ಇನ್ನೊಂದು ತಪ್ಪು ಇನ್ನೂ ದೊಡ್ಡದು, ಅದನ್ನು ಯಾರೂ ಕೇಳಲೂ ಇಲ್ಲ. ಮೇಲಿನ ಸಮೀಕರಣದಲ್ಲಿ ಬಡ್ಡಿ ಇದೆ, ಅಸಲು ಇಲ್ಲ. ನಮ್ಮ ಸಾಲದಲ್ಲಿ ಪ್ರತಿ ವರ್ಷದ ಕೊನೆಗೆ 1 ಲಕ್ಷ ಡಾಲರ್ ಅಸಲು ತೀರಿಸಬೇಕಿತ್ತು. ಅಸಲು ಖರ್ಚಲ್ಲ, ಆದ್ದರಿಂದ ಲಾಭದ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಆದರೆ ಬ್ಯಾಂಕಿನ ಖಾತೆಯಿಂದ ಹೋಗುವುದಂತೂ ನಿಜ, ಅದೂ ತೆರಿಗೆ ಕಟ್ಟಿದ ಮೇಲೆ ಉಳಿದ ಹಣದಲ್ಲಿ.

ಇದನ್ನು ಸೇರಿಸಿ ನೋಡುವ ಒಂದು ಕಟ್ಟುನಿಟ್ಟಿನ ಲೆಕ್ಕವಿದೆ. ತೆರಿಗೆಯ ನಂತರದ ಲಾಭದಿಂದ ಆ ವರ್ಷದ ಅಸಲನ್ನೂ ಕಳೆದು, ಉಳಿದದ್ದನ್ನು ಶೇರುಗಳಿಂದ ಭಾಗಿಸುತ್ತಾರೆ. ಹೀಗೆ ಮಾಡಿದರೆ 3 ಲಕ್ಷ ಇಬಿಟ್‌ನಲ್ಲಿ ಸಾಲದ ದಾರಿಯಲ್ಲಿ ಕೈಗೆ ಸಿಗುವುದು 18 ಅಲ್ಲ, 8 ಡಾಲರ್. ಶೇರಿನ ದಾರಿಯಲ್ಲಿ ಅದೇ 15. ಎರಡೂ ಸಮನಾಗಬೇಕಾದರೆ ಇಬಿಟ್ 5,80,000 ಆಗಬೇಕು. 1,80,000ದ ಚುಕ್ಕೆ ಎಲ್ಲಿ, 5,80,000 ಎಲ್ಲಿ!

ಹಾಗೆಂದು ಈ ಎರಡನೆಯ ಅಂಕಿಯೇ ಸತ್ಯ, ಮೊದಲನೆಯದು ಸುಳ್ಳು ಎಂದಲ್ಲ. ತೀರಿಸಿದ ಅಸಲು ಕಳೆದುಹೋದ ಹಣವಲ್ಲ. ಅಷ್ಟು ಸಾಲ ಇಳಿದು ಕಟ್ಟಡ ನಮ್ಮದಾಗುತ್ತದೆ. ಜೊತೆಗೆ ಸವಕಳಿ ಎಂದು ಇಬಿಟ್‌ಗೆ ಮುಂಚೆಯೇ ಕಳೆದಿರುವ ಮೊತ್ತ ಆ ವರ್ಷ ಕೈಯಿಂದ ಹೋಗಿರುವುದಿಲ್ಲ, ಅದು ಅಸಲಿಗೆ ಒದಗುತ್ತದೆ. ಇಪಿಎಸ್ ಹೇಳುವುದು ಯಾರು ಎಷ್ಟು ಶ್ರೀಮಂತರಾದರು ಎಂಬುದನ್ನು. ಕಂತು ಕಟ್ಟುವ ದಿನ ಖಾತೆಯಲ್ಲಿ ಹಣವಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ನೇರ ಉತ್ತರ ಕಂಡುಹಿಡಿಯಬಹುದು. ನಮ್ಮ ವಾರ್ಷಿಕ ಸವಕಳಿ 70,000 ಡಾಲರ್. ಹಾಗಾಗಿ 1 ಲಕ್ಷದ ಅಸಲಿಗೆ ಇನ್ನೂ 30,000 ಬೇಕು. ಅದು ಶೇಕಡಾ 25 ತೆರಿಗೆ ಕಟ್ಟಿದ ಮೇಲೆ ಉಳಿಯಬೇಕಾದರೆ ತೆರಿಗೆಗೆ ಮುಂಚೆ 40,000 ಇರಬೇಕು. ಬಡ್ಡಿ 60,000 ಸೇರಿಸಿದರೆ 1 ಲಕ್ಷ. ಇಬಿಟ್ 1 ಲಕ್ಷಕ್ಕಿಂತ ಕೆಳಗೆ ಬಿದ್ದ ವರ್ಷ, ನಮ್ಮ ಉಳಿತಾಯದಿಂದಲೋ ಜೇಬಿನಿಂದಲೋ ಕಂತು ಕಟ್ಟಬೇಕು. ಹಲಗೆಯ ಮೇಲೆ ಎರಡನೆಯ ಚುಕ್ಕೆಯಾಗಿ ಇಡಬೇಕಾಗಿದ್ದದ್ದು ಇದನ್ನು.

2020

ನಾವು ಸಾಲವನ್ನೇ ಆರಿಸಿದೆವು. 2019ರ ಕೊನೆಗೆ ಹಣ ಪಡೆದು, ಹೊಸ ವರ್ಷದಲ್ಲಿ ಕೋಣೆಗಳನ್ನು ತೆರೆದೆವು. 2020ರ ಮಾರ್ಚ್ 18ರಂದು, ಕೋವಿಡ್‌ನಿಂದಾಗಿ, ತುರ್ತಲ್ಲದ ಶಸ್ತ್ರಚಿಕಿತ್ಸೆ ಮತ್ತು ಪರೀಕ್ಷೆಗಳನ್ನು ಮುಂದೂಡುವಂತೆ ಫೆಡರಲ್ ಸರ್ಕಾರದ ಮೆಡಿಕೇರ್ ಇಲಾಖೆ ಸೂಚಿಸಿತು. ಕೊಲೊನೋಸ್ಕೋಪಿ ಬಹುಪಾಲು ಅದೇ ಬಗೆಯದು. ಕೋಣೆಗಳು ಖಾಲಿಯಾದವು, ಮತ್ತೆ ತೆರೆದ ಮೇಲೂ ಸ್ವಚ್ಛತೆಯ ಹೊಸ ಕ್ರಮಗಳಿಂದ ದಿನಕ್ಕೆ ನೋಡುವ ರೋಗಿಗಳ ಸಂಖ್ಯೆ ಕಡಿಮೆಯಾಯಿತು. ಬಂದ ನೆರವನ್ನೆಲ್ಲ ಸೇರಿಸಿದ ಮೇಲೂ ಆ ವರ್ಷದ ಇಬಿಟ್ 40,000 ಡಾಲರ್.

ಬಡ್ಡಿ 60,000. ತೆರಿಗೆಯಲ್ಲಿ ಮರಳಿ ಬರಬಹುದಾದದ್ದನ್ನು ಬಿಟ್ಟರೆ, ಶೇರಿಗೆ 2 ಡಾಲರ್ ನಷ್ಟ. ಶೇರು ಮಾರಿದ್ದರೆ ಅದೇ ವರ್ಷ ಶೇರಿಗೆ 2 ಡಾಲರ್ ಲಾಭವಿರುತ್ತಿತ್ತು. ಆ ಅಂತರವನ್ನು ತಡೆದುಕೊಳ್ಳಬಹುದಾಗಿತ್ತು. ತೊಂದರೆ ಕೊಟ್ಟದ್ದು ಕಂತು: 20,000 ನಷ್ಟವನ್ನು ಸವಕಳಿಯಿಂದ ತುಂಬಿದ ಮೇಲೆ ಉಳಿದದ್ದು 50,000, ಕಟ್ಟಬೇಕಾದ ಅಸಲು 1,00,000. ಉಳಿದ 50,000ಕ್ಕೆ ಹತ್ತು ಮಂದಿ ತಲಾ 5,000 ಡಾಲರ್ ಹಾಕಬೇಕಾಯಿತು. ಆ ವರ್ಷ ನಮ್ಮ ಸ್ವಂತ ವರಮಾನವೂ ಇಳಿದಿತ್ತು. ನಿವೃತ್ತಿಯ ಹೊಸ್ತಿಲಲ್ಲಿದ್ದ ಇಬ್ಬರು ಸಾಲಕ್ಕೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರು. ಸಾಲ ತೀರುವವರೆಗೆ ಅದರಿಂದ ಬಿಡುಗಡೆ ಇಲ್ಲ ಎಂಬುದು ಅವರಿಗೆ ಆಗ ತಾಗಿತು. ಜಾಮೀನಿಗೆ ಈ ಸಮೀಕರಣದಲ್ಲಿ ಯಾವ ಅಕ್ಷರವೂ ಇಲ್ಲ.

ಯಾರೂ ಕೋವಿಡ್ ಬರುತ್ತದೆಂದು ಊಹಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ನಾವು ಮಾಡಬಹುದಾಗಿದ್ದು ಇಷ್ಟೇ: ನಿರೀಕ್ಷೆಯ 3 ಲಕ್ಷವನ್ನು ಒಂದೇ ಅಂಕಿಯಾಗಿ ಹಿಡಿಯದೆ, ಕೆಟ್ಟ ವರ್ಷದಲ್ಲಿ ಎಷ್ಟಾಗಬಹುದು ಎಂದು ಕೇಳುವುದು. ನಾವು ಹಿಂದಿನ ಕೆಲವು ವರ್ಷಗಳ ಲೆಕ್ಕ ನೋಡಿ, ಇಬಿಟ್ ಒಮ್ಮೆಯೂ ಒಂದೂವರೆ ಲಕ್ಷಕ್ಕಿಂತ ಇಳಿದಿಲ್ಲ ಎಂದು ಸಮಾಧಾನಪಟ್ಟಿದ್ದೆವು. ಆ ವರ್ಷಗಳೆಲ್ಲ ಒಳ್ಳೆಯ ವರ್ಷಗಳು. ಮೂರು ತಿಂಗಳು ಬಾಗಿಲು ಮುಚ್ಚಿದರೆ ಏನಾಗುತ್ತದೆ, ದೊಡ್ಡ ವಿಮಾ ಕಂಪನಿಯೊಂದು ದರ ಇಳಿಸಿದರೆ ಏನಾಗುತ್ತದೆ ಎಂದು ಅಂಕಿ ಹಾಕಿ ನೋಡಿರಲಿಲ್ಲ. ನೋಡಿದ್ದರೆ ಬಹುಶಃ ಅರ್ಧ ಸಾಲ, ಅರ್ಧ ಶೇರು ಎಂಬ ಮೂರನೆಯ ದಾರಿ ಕಾಣುತ್ತಿತ್ತು.

ಎರಡನೆಯ ಬಾರಿ

2023ರ ಕೊನೆಗೆ ಉಪಕರಣ ಬದಲಿಸಲು ಮತ್ತೆ 4 ಲಕ್ಷ ಡಾಲರ್ ಬೇಕಾಯಿತು. ಹಳೆಯ ಸಾಲದಲ್ಲಿ 6 ಲಕ್ಷ ಉಳಿದಿತ್ತು, ಮುಂದಿನ ವರ್ಷಕ್ಕೆ ಅದರ ಬಡ್ಡಿ 36,000. ಹೊಸ ಸಾಲಕ್ಕೆ ಬ್ಯಾಂಕು ಶೇಕಡಾ 8 ಕೇಳಿತು. ಶೇರಿನ ಬೆಲೆ 200ರಲ್ಲೇ ಇತ್ತು. ಈ ಸಲ ಲೆಕ್ಕವನ್ನು ನಾನೇ ಹಾಕಿದೆ: 20 ಲಕ್ಷ ಮತ್ತು 4 ಲಕ್ಷ ಸೇರಿ 24 ಲಕ್ಷ, ಅದರ ಶೇಕಡಾ 8 ಎಂದರೆ 1,92,000, ಹಳೆಯ ಬಡ್ಡಿ ಸೇರಿಸಿ 2,28,000. ನಿರೀಕ್ಷೆಯ ಇಬಿಟ್ 3,20,000. ಅಲ್ಲಿ ಸಾಲದ ಇಪಿಎಸ್ 18.90, ಶೇರಿನದು 17.75.

ಸಮಬಿಂದುವಿನ ಮಾತು ಕೇಳಿದರೆ ಈ ಸಲವೂ ಸಾಲವೇ ಸರಿ. ಆದರೆ ಈಗ ಪ್ರಶ್ನೆಯನ್ನು ಬೇರೆ ರೀತಿ ಕೇಳಿಕೊಂಡೆವು: ಶೇರಿಗೆ 1 ಡಾಲರ್ 15 ಸೆಂಟ್ ಹೆಚ್ಚು ಸಿಗುತ್ತದೆಂದು, ಎರಡು ಸಾಲಗಳ ಅಸಲನ್ನೂ ಇನ್ನೊಂದು ಜಾಮೀನನ್ನೂ ಹೊರಬೇಕೇ? ಒಬ್ಬೊಬ್ಬರಿಗೆ ವರ್ಷಕ್ಕೆ 1,150 ಡಾಲರ್ ವ್ಯತ್ಯಾಸ. ಅಷ್ಟಕ್ಕೆ ಬೇಡ ಎಂದು ಎಲ್ಲರೂ ಒಪ್ಪಿದರು. ಇಬ್ಬರು ಯುವ ವೈದ್ಯರು ತಲಾ 1,000 ಶೇರು ಕೊಂಡು ಪಾಲುದಾರರಾದರು. ನಮ್ಮ ಪಾಲು ಹತ್ತರಲ್ಲಿ ಒಂದು ಇದ್ದದ್ದು ಹನ್ನೆರಡರಲ್ಲಿ ಒಂದಾಯಿತು. ಮುಂದೆ ನಾನು ನಿವೃತ್ತನಾದಾಗ ನನ್ನ ಶೇರುಗಳನ್ನು ಕೊಂಡವರೂ ಅವರೇ.

ನಿಮ್ಮ ಅಕೌಂಟೆಂಟ್ ಹಲಗೆಯ ಮೇಲೆ ಆ ಎರಡು ಗೆರೆಗಳನ್ನು ಎಳೆದಾಗ ಮೂರು ಅಂಕಿಗಳನ್ನು ಕೇಳಿ ಪಕ್ಕದಲ್ಲಿ ಬರೆಸಿಕೊಳ್ಳಿ. ಏನನ್ನೂ ಮಾಡದಿದ್ದರೆ ಇಂದಿನ ಇಪಿಎಸ್ ಎಷ್ಟು? ಅಸಲೂ ಸೇರಿ ಕಂತು ಕಟ್ಟಲು ಬೇಕಾದ ಕನಿಷ್ಠ ಇಬಿಟ್ ಎಷ್ಟು? ಕೆಟ್ಟ ವರ್ಷದಲ್ಲಿ ಇಬಿಟ್ ಎಲ್ಲಿಗೆ ಇಳಿಯಬಹುದು? ಮೂರನೆಯ ಅಂಕಿ ಎರಡನೆಯದಕ್ಕಿಂತ ಕೆಳಗಿದ್ದರೆ, ಚುಕ್ಕೆ ಎಲ್ಲೇ ಬಿದ್ದಿರಲಿ, ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೊರತೆಯ ಹಣ ಯಾರ ಜೇಬಿನಿಂದ ಬರುತ್ತದೆ ಎಂದು ತೀರ್ಮಾನಿಸಿಕೊಳ್ಳಿ.